ವಾಹನ ‘ಟೋಟಲ್ ಲಾಸ್’ ಆದರೆ ಕೈಗೆ ಬರುವುದೆಷ್ಟು? 75% ಲೆಕ್ಕದ ಒಳಗುಟ್ಟು

“ಅಪಘಾತದಲ್ಲಿ ಕಾರು 75% ಡ್ಯಾಮೇಜ್ ಆದರೆ ಇನ್ಶೂರೆನ್ಸ್ ಕಂಪನಿ ಹೊಸ ಕಾರಿನ ಪೂರ್ತಿ ದುಡ್ಡು ಕೊಡಲೇಬೇಕು. ಇದು ಕಾನೂನು. ಎಲ್ಲರಿಗೂ ಶೇರ್ ಮಾಡಿ.” ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿನಲ್ಲೂ ಒಮ್ಮೆಯಾದರೂ ಬಂದಿರಬಹುದು. ಇದರಲ್ಲಿ 75% ಎಂಬ ಅಂಕಿ ಮಾತ್ರ ನಿಜ. ಅದು ಯಾವುದರ 75%, ದಾಟಿದರೆ ಸಿಗುವುದೇನು ಎಂಬ ಎರಡೂ ವಿಷಯ ತಪ್ಪು. ಗ್ಯಾರೇಜಿನವರು ಐದು ಲಕ್ಷದ ಎಸ್ಟಿಮೇಟ್ ಕೊಟ್ಟ ಮೇಲೆ ಈ ಸಂದೇಶವನ್ನು ನಂಬಿ ಕುಳಿತವರಿಗೆ ಕೊನೆಗೆ ಬರುವ ಲೆಕ್ಕ ನೋಡಿ ಆಘಾತವಾಗುತ್ತದೆ.

ಮೊದಲೇ ಒಂದು ಮಾತು. ಇಲ್ಲಿ ಹೇಳುವುದೆಲ್ಲ ಸ್ವಂತ ವಾಹನದ ಹಾನಿಗೂ ರಕ್ಷಣೆ ಇರುವ ಪಾಲಿಸಿಗೆ, ಅಂದರೆ ಜನ ‘ಫುಲ್ ಇನ್ಶೂರೆನ್ಸ್’ ಅಥವಾ ‘ಕಾಂಪ್ರಹೆನ್ಸಿವ್’ ಎನ್ನುವ ಪಾಲಿಸಿಗೆ ಸಂಬಂಧಿಸಿದ್ದು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ನಿಮ್ಮ ಕಾರು ಪೂರ್ತಿ ಸುಟ್ಟುಹೋದರೂ ನಿಮ್ಮ ಕಾರಿನ ಬಾಬ್ತಿಗೆ ಒಂದು ರೂಪಾಯಿಯೂ ಬರುವುದಿಲ್ಲ.

ಎರಡು ಬಗೆಯ ನಷ್ಟ

ವಾಹನ ಇಲ್ಲವೇ ಇಲ್ಲ ಎನ್ನುವಂತಾದರೆ ಅದು ಟೋಟಲ್ ಲಾಸ್, ಅಂದರೆ ಸಂಪೂರ್ಣ ನಷ್ಟ. ಬೆಂಕಿಯಲ್ಲಿ ಸುಟ್ಟು ಬರೀ ಅಸ್ಥಿಪಂಜರ ಉಳಿದ ಕಾರು, ಕಳುವಾಗಿ ಪೊಲೀಸರು ‘ಪತ್ತೆಯಾಗಿಲ್ಲ’ ಎಂದು ವರದಿ ಕೊಟ್ಟ ಬೈಕು ಈ ಗುಂಪಿಗೆ ಬರುತ್ತವೆ. ಇದರಲ್ಲಿ ವಾದಕ್ಕೆ ಹೆಚ್ಚು ಜಾಗವಿಲ್ಲ.

ತಕರಾರು ಹುಟ್ಟುವುದು ಎರಡನೆಯ ಬಗೆಯಲ್ಲಿ. ವಾಹನ ಕಣ್ಣೆದುರಿಗೇ ಇದೆ, ಮನಸ್ಸು ಮಾಡಿದರೆ ರಿಪೇರಿಯೂ ಆಗುತ್ತದೆ. ಆದರೆ ರಿಪೇರಿಯ ಖರ್ಚು ವಾಹನದ ಬೆಲೆಯ ಹತ್ತಿರಕ್ಕೇ ಬಂದಿದೆ, ಹಾಗಾಗಿ ರಿಪೇರಿ ಮಾಡಿಸುವುದರಲ್ಲಿ ಅರ್ಥವಿಲ್ಲ. ಇದಕ್ಕೆ ‘ಕನ್‌ಸ್ಟ್ರಕ್ಟಿವ್ ಟೋಟಲ್ ಲಾಸ್’ ಎನ್ನುತ್ತಾರೆ. ಸರ್ವೇಯರ್‌ಗಳ ಬಾಯಲ್ಲಿ ಇದು ಸಿಟಿಎಲ್. ವಾಹನ ನಿಜಕ್ಕೂ ನಾಶವಾಗಿಲ್ಲ, ಲೆಕ್ಕದ ದೃಷ್ಟಿಯಿಂದ ನಾಶವಾಗಿದೆ ಎಂದು ಪರಿಗಣಿಸುತ್ತಾರೆ ಅಷ್ಟೆ.

ಯಾವಾಗ ಹಾಗೆ ಪರಿಗಣಿಸಬೇಕು ಎಂಬುದು ಭಾರತದ ಮೋಟಾರು ಪಾಲಿಸಿಯ ಪ್ರಮಾಣಿತ ಒಕ್ಕಣೆಯಲ್ಲೇ ಇದೆ. ವಾಹನವನ್ನು ಸ್ಥಳದಿಂದ ತರುವ ಮತ್ತು ರಿಪೇರಿ ಮಾಡುವ ಒಟ್ಟು ಖರ್ಚು, ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು, ಐಡಿವಿಯ 75% ಮೀರಿದರೆ ಅದು ಸಿಟಿಎಲ್. ಈ ವಾಕ್ಯದಲ್ಲಿ ಎಲ್ಲರ ಕಣ್ಣು ಹೋಗುವುದು 75%ರ ಮೇಲೆ. ಆದರೆ ನಿಮ್ಮ ಜೇಬಿನ ಮೇಲೆ ಪರಿಣಾಮ ಬೀರುವುದು ಉಳಿದೆರಡು ಮಾತುಗಳು: ‘ಐಡಿವಿ’ ಮತ್ತು ‘ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು’.

ಐಡಿವಿ ಅಂದರೆ ನೀವು ಕೊಟ್ಟ ಬೆಲೆಯಲ್ಲ

ಐಡಿವಿ ಅಂದರೆ ಪಾಲಿಸಿಯಲ್ಲಿ ಘೋಷಿಸಿದ ವಾಹನದ ಮೌಲ್ಯ. ಪಾಲಿಸಿಯ ಮೊದಲ ಪುಟದಲ್ಲೇ ಅಚ್ಚಾಗಿರುತ್ತದೆ. ಇದನ್ನು ಹಿಡಿಯುವ ರೀತಿ ಹೀಗಿದೆ. ಪಾಲಿಸಿ ಶುರುವಾಗುವ ದಿನ ಅದೇ ಮಾಡೆಲ್‌ನ ಹೊಸ ವಾಹನಕ್ಕೆ ಕಂಪನಿಯ ಪಟ್ಟಿ ಬೆಲೆ ಎಷ್ಟಿದೆಯೋ ಅದನ್ನು ತೆಗೆದುಕೊಳ್ಳುತ್ತಾರೆ. ಅದರಿಂದ ವಾಹನದ ವಯಸ್ಸಿಗೆ ತಕ್ಕ ಸವಕಳಿ ಕಳೆಯುತ್ತಾರೆ. ಆರು ತಿಂಗಳವರೆಗೆ 5%, ಒಂದು ವರ್ಷದವರೆಗೆ 15%, ಎರಡು ವರ್ಷದವರೆಗೆ 20%, ಮೂರಕ್ಕೆ 30%, ನಾಲ್ಕಕ್ಕೆ 40%, ಐದಕ್ಕೆ 50%. ಐದು ವರ್ಷ ದಾಟಿದ ವಾಹನಕ್ಕೂ, ತಯಾರಿ ನಿಂತುಹೋದ ಮಾಡೆಲ್‌ಗೂ ಈ ಪಟ್ಟಿ ಅನ್ವಯಿಸುವುದಿಲ್ಲ. ಅಲ್ಲಿ ನೀವೂ ವಿಮಾ ಕಂಪನಿಯೂ ಒಪ್ಪಿಕೊಂಡ ಬೆಲೆಯೇ ಐಡಿವಿ.

ರಸ್ತೆ ತೆರಿಗೆ, ನೋಂದಣಿ ಶುಲ್ಕ, ಇನ್ಶೂರೆನ್ಸ್ ಹಣ ಇದರಲ್ಲಿ ಸೇರುವುದಿಲ್ಲ. ಕರ್ನಾಟಕದಲ್ಲಿ ಕಾರು ಕೊಂಡವರಿಗೆ ಈ ಮಾತು ಚೆನ್ನಾಗಿ ನಾಟಬೇಕು. ಇಲ್ಲಿನ ರಸ್ತೆ ತೆರಿಗೆ ದೇಶದಲ್ಲೇ ದುಬಾರಿ ಎನ್ನಿಸಿಕೊಂಡದ್ದು. ಆನ್-ರೋಡ್ ಎಂದು ನೀವು ಕೊಟ್ಟ ಮೊತ್ತಕ್ಕೂ ಐಡಿವಿಗೂ ಮೊದಲ ದಿನವೇ ದೊಡ್ಡ ಅಂತರ ಇರುವುದು ಇದರಿಂದಲೇ.

ಲೆಕ್ಕಕ್ಕೆ ಬರುವುದು ನೀವು ಕೊಂಡಾಗಿನ ಬೆಲೆಯಲ್ಲ, ಪಾಲಿಸಿ ನವೀಕರಿಸಿದ ದಿನದ ಹೊಸ ವಾಹನದ ಬೆಲೆ ಎಂಬುದನ್ನೂ ಗಮನಿಸಿ. ಬೆಲೆ ಏರಿದ್ದರೆ ನಿಮಗೆ ಲಾಭ. ಇಳಿದಿದ್ದರೆ ನಷ್ಟ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿದಾಗ ಹೊಸ ಕಾರು ಕೊಳ್ಳುವವರು ಖುಷಿಪಟ್ಟರು. ಅದೇ ಮಾಡೆಲ್‌ನ ಹಳೆಯ ಕಾರು ಇಟ್ಟುಕೊಂಡವರ ಐಡಿವಿಗೆ ಆಧಾರವಾದ ಬೆಲೆಯೂ ಆಗಲೇ ಕೆಳಗೆ ಬಂತು.

ಒಂದು ಒಳ್ಳೆಯ ಸುದ್ದಿಯೂ ಇದೆ. ಪಾಲಿಸಿಯಲ್ಲಿ ಒಮ್ಮೆ ಬರೆದ ಐಡಿವಿಯನ್ನು ಟೋಟಲ್ ಲಾಸ್ ಮತ್ತು ಸಿಟಿಎಲ್ ಕ್ಲೇಮ್‌ಗಳಿಗೆ ಇಡೀ ಪಾಲಿಸಿ ಅವಧಿಯ ‘ಮಾರುಕಟ್ಟೆ ಬೆಲೆ’ ಎಂದೇ ಪರಿಗಣಿಸಬೇಕು, ಮತ್ತೆ ಸವಕಳಿ ಕಳೆಯುವಂತಿಲ್ಲ ಎಂದು ಪಾಲಿಸಿಯೇ ಹೇಳುತ್ತದೆ. ಹತ್ತನೇ ತಿಂಗಳಲ್ಲಿ ಅಪಘಾತವಾದರೂ ಅದೇ ಐಡಿವಿ. “ನಿಮ್ಮ ಕಾರಿಗೆ ಈಗ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿನಲ್ಲಿ ಇಷ್ಟೇ ಬೆಲೆ” ಎಂದು ಯಾರಾದರೂ ಹೇಳಿದರೆ ಪಾಲಿಸಿಯ ಈ ಸಾಲನ್ನು ತೋರಿಸಿ. ಪ್ರೀಮಿಯಂ ಪಡೆಯುವಾಗ ಒಪ್ಪಿಕೊಂಡ ಮೌಲ್ಯದಿಂದ ಕ್ಲೇಮ್ ಬಂದಾಗ ಹಿಂದೆ ಸರಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ 2008ರ ಒಂದು ತೀರ್ಪಿನಲ್ಲಿ ಹೇಳಿದೆ.

ಒಂದು ಕಾರಿನ ಲೆಕ್ಕ

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ಅರ್ಥವಾಗಲೆಂದು ಹಿಡಿದವು, ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿಲ್ಲ. ನಿಯಮಗಳು ಮಾತ್ರ ಪಾಲಿಸಿಯಲ್ಲಿರುವಂಥವೇ.

ತುಮಕೂರಿನ ಕುಟುಂಬವೊಂದರ ಪೆಟ್ರೋಲ್ ಕಾರು. ಎಂಜಿನ್ 1200 ಸಿಸಿ. ಪಾಲಿಸಿ ನವೀಕರಿಸುವಾಗ ಕಾರಿಗೆ ಎರಡು ವರ್ಷ ಎಂಟು ತಿಂಗಳು. ಅದೇ ಹೊಸ ಕಾರಿನ ಪಟ್ಟಿ ಬೆಲೆ 8,00,000 ರೂ. ವಯಸ್ಸಿಗೆ ತಕ್ಕ 30% ಕಳೆದರೆ ಐಡಿವಿ 5,60,000 ರೂ. ಅದರ 75% ಅಂದರೆ 4,20,000 ರೂ. ಈ ಕಾರಿನ ಮಟ್ಟಿಗೆ ಗೆರೆ ಇರುವುದು ಇಲ್ಲಿ.

ಎರಡು ತಿಂಗಳ ನಂತರ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಕಾರು ಹಿಂದಿನಿಂದ ಗುದ್ದುತ್ತದೆ. ಏರ್‌ಬ್ಯಾಗ್ ತೆರೆದುಕೊಂಡು ಒಳಗಿದ್ದವರು ಉಳಿಯುತ್ತಾರೆ, ಕಾರಿನ ಮುಂಭಾಗ ಒಳಕ್ಕೆ ಕುಸಿಯುತ್ತದೆ. ಗ್ಯಾರೇಜಿನವರು 5,00,000 ರೂ. ಎಸ್ಟಿಮೇಟ್ ಕೊಡುತ್ತಾರೆ. ಮಾಲೀಕರು ಮೊಬೈಲಿನಲ್ಲೇ ಲೆಕ್ಕ ಹಾಕುತ್ತಾರೆ: 5,60,000ಕ್ಕೆ 5,00,000 ಅಂದರೆ 89%. ಟೋಟಲ್ ಲಾಸ್ ಗ್ಯಾರಂಟಿ!

ಆದರೆ ಗ್ಯಾರೇಜಿನ ಎಸ್ಟಿಮೇಟನ್ನು ಐಡಿವಿಗೆ ನೇರವಾಗಿ ಹೋಲಿಸುವುದಿಲ್ಲ. ‘ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು’ ಎಂಬ ಮಾತು ಇಲ್ಲಿ ಕೆಲಸ ಮಾಡುತ್ತದೆ. ವಿಮಾ ಕಂಪನಿ ಕಳಿಸಿದ ಸರ್ವೇಯರ್ ಎಸ್ಟಿಮೇಟಿನ ಒಂದೊಂದು ಸಾಲನ್ನೂ ನೋಡಿ, ಪಾಲಿಸಿ ಪ್ರಕಾರ ಅದರಲ್ಲಿ ಎಷ್ಟು ಕೊಡಬಹುದು ಎಂದು ಬರೆಯುತ್ತಾರೆ. ಬದಲಾಯಿಸುವ ಬಿಡಿಭಾಗಗಳಿಗೂ ಸವಕಳಿ ಇದೆ. ಇದು ಐಡಿವಿಯ ಸವಕಳಿಯಲ್ಲ, ಬೇರೆಯದೇ ಪಟ್ಟಿ.

ಎಸ್ಟಿಮೇಟಿನಲ್ಲಿ ಬಾನೆಟ್, ರೇಡಿಯೇಟರ್, ಸಸ್ಪೆನ್ಷನ್ ಮೊದಲಾದ ಲೋಹದ ಭಾಗಗಳು 2,20,000 ರೂ. ಎರಡರಿಂದ ಮೂರು ವರ್ಷದ ವಾಹನಕ್ಕೆ ಇವುಗಳ ಸವಕಳಿ 15%. ಉಳಿಯುವುದು 1,87,000. ಬಂಪರ್, ಪ್ಲಾಸ್ಟಿಕ್ ಭಾಗಗಳು ಮತ್ತು ಏರ್‌ಬ್ಯಾಗ್ ಸೇರಿ 1,40,000 ರೂ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿ, ಏರ್‌ಬ್ಯಾಗ್ ಇವುಗಳಿಗೆ ವಾಹನ ಎಷ್ಟೇ ಹೊಸದಾಗಿರಲಿ 50% ಕಡಿತ. ಉಳಿಯುವುದು 70,000. ಜೀವ ಉಳಿಸಿದ ಏರ್‌ಬ್ಯಾಗಿಗೂ ಅರ್ಧ ಬೆಲೆಯೇ ಎಂಬುದು ಕೇಳಲು ಕಹಿ, ಆದರೆ ಪಟ್ಟಿ ಇರುವುದು ಹಾಗೆ. ಗಾಜು 20,000 ರೂ., ಅದಕ್ಕೆ ಕಡಿತವಿಲ್ಲ. ಕೆಲಸದ ಕೂಲಿ 80,000 ರೂ., ಅದಕ್ಕೂ ಇಲ್ಲ. ಪೇಂಟಿಂಗ್ 40,000 ರೂ. ಇದರ ಕಾಲು ಭಾಗವನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು, ಆ 10,000ದಲ್ಲಿ ಅರ್ಧ ಕಳೆಯುತ್ತಾರೆ. ಉಳಿಯುವುದು 35,000.

ಎಲ್ಲ ಕೂಡಿಸಿದರೆ 3,92,000 ರೂ. ಇದು ಐಡಿವಿಯ 70%. ಗೆರೆ 4,20,000. ಅಂದರೆ ಸಿಟಿಎಲ್ ಅಲ್ಲ! ಇದು ಸಾಮಾನ್ಯ ರಿಪೇರಿ ಕ್ಲೇಮ್. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮಾಲೀಕರೇ ಹೊರಬೇಕಾದ ಕಡ್ಡಾಯ ಮೊತ್ತ 1,000 ರೂ. ಅದನ್ನು ಕಳೆದು ಕಂಪನಿ 3,91,000 ಕೊಡುತ್ತದೆ. ಉಳಿದ 1,09,000 ಮಾಲೀಕರ ಕೈಯಿಂದ. ಗ್ಯಾರೇಜಿನ ಎಸ್ಟಿಮೇಟ್ ನೋಡಿ ಟೋಟಲ್ ಲಾಸ್ ಎಂದುಕೊಂಡವರು ಲಕ್ಷ ರೂಪಾಯಿ ಹೊಂದಿಸಬೇಕಾದ ಸ್ಥಿತಿ ಬರುವುದು ಹೀಗೆ.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಗುದ್ದಿದ ಕಾರಿನ ಮೊದಲ ಎಸ್ಟಿಮೇಟ್ ಹೊರಗಿನಿಂದ ಕಂಡದ್ದರ ಲೆಕ್ಕ ಮಾತ್ರ. ಬಿಚ್ಚಿದ ಮೇಲೆ ಗೇರ್‌ಬಾಕ್ಸಿನ ಹೊರಕವಚ ಸೀಳಿರುವುದು ಕಾಣುತ್ತದೆ. ಇನ್ನೂ 60,000 ರೂ. ಸೇರಿಸಿ ಗ್ಯಾರೇಜಿನವರು ಪೂರಕ ಎಸ್ಟಿಮೇಟ್ ಕೊಡುತ್ತಾರೆ. 15% ಕಳೆದರೆ 51,000. ಒಟ್ಟು 4,43,000 ರೂ., ಅಂದರೆ ಐಡಿವಿಯ 79%. ಗೆರೆ ದಾಟಿತು. ಈಗ ಇದು ಸಿಟಿಎಲ್.

ಹಾಗಾಗಿ ಮೊತ್ತ ಗೆರೆಯ ಹತ್ತಿರ ಇದ್ದಾಗ ಕಾರನ್ನು ಬಿಚ್ಚಿ ನೋಡದೆ ತೀರ್ಮಾನಕ್ಕೆ ಬರಬಾರದು. ಬಿಚ್ಚುವಾಗ ಸರ್ವೇಯರ್ ಅಲ್ಲಿರಬೇಕು, ಇಲ್ಲವೇ ಅವರಿಗೆ ಮೊದಲೇ ತಿಳಿಸಿರಬೇಕು. ಆಮೇಲೆ ತೋರಿಸಿದ ಹಾನಿಗೆ “ಇದು ಅಪಘಾತದಲ್ಲಿ ಆದದ್ದೋ, ಬಿಚ್ಚುವಾಗ ಆದದ್ದೋ” ಎಂಬ ಪ್ರಶ್ನೆ ಖಂಡಿತ ಬರುತ್ತದೆ.

ಝೀರೋ ಡೆಪ್ ಇದ್ದರೆ?

ಝೀರೋ ಡೆಪ್ ಅಂದರೆ ಬಿಡಿಭಾಗಗಳ ಸವಕಳಿ ಕಳೆಯದ ಆ್ಯಡ್-ಆನ್. ಅದೂ ಪಾಲಿಸಿಯ ಷರತ್ತೇ ಆದ್ದರಿಂದ ಲೆಕ್ಕ ಬದಲಾಗುತ್ತದೆ. ಇದೇ ಕಾರಿಗೆ ಅದು ಇದ್ದಿದ್ದರೆ ಮೊದಲ ಎಸ್ಟಿಮೇಟಿನ 5,00,000 ರೂ. ಹೆಚ್ಚುಕಡಿಮೆ ಹಾಗೇ ಉಳಿಯುತ್ತಿತ್ತು. ಬಿಚ್ಚುವ ಮೊದಲೇ ಗೆರೆ ದಾಟಿ ಸಿಟಿಎಲ್ ಆಗುತ್ತಿತ್ತು. “ಝೀರೋ ಡೆಪ್ ಇದ್ದರೆ ಟೋಟಲ್ ಲಾಸ್‌ನಲ್ಲಿ ಹೊಸ ಕಾರಿನ ಬೆಲೆ ಸಿಗುತ್ತದೆ” ಎಂಬ ಮಾತೂ ಹರಿದಾಡುತ್ತಿದೆ. ಅದು ತಪ್ಪು. ಝೀರೋ ಡೆಪ್ ಬಿಡಿಭಾಗಗಳ ಸವಕಳಿಯನ್ನಷ್ಟೇ ತಡೆಯುತ್ತದೆ, ಐಡಿವಿಯನ್ನು ಒಂದು ರೂಪಾಯಿಯೂ ಏರಿಸುವುದಿಲ್ಲ.

ಕೊಂಡ ಬೆಲೆಗೂ ಐಡಿವಿಗೂ ಇರುವ ಅಂತರ ತುಂಬಲು ‘ರಿಟರ್ನ್ ಟು ಇನ್‌ವಾಯ್ಸ್’ ಎಂಬ ಬೇರೆ ಆ್ಯಡ್-ಆನ್ ಇದೆ. ಇದು ಕಳವು, ಟೋಟಲ್ ಲಾಸ್ ಮತ್ತು ಸಿಟಿಎಲ್ ಆದಾಗ ಮಾತ್ರ ಕೆಲಸ ಮಾಡುತ್ತದೆ. ರಸ್ತೆ ತೆರಿಗೆ, ನೋಂದಣಿ ಖರ್ಚೂ ಸೇರುತ್ತದೆಯೇ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕೊಳ್ಳುವ ಮೊದಲು ಓದಬೇಕಾದ ಸಾಲು ಅದೇ. ಸಾಮಾನ್ಯವಾಗಿ ಹೊಸ ವಾಹನಗಳಿಗೆ ಮೊದಲ ಕೆಲವು ವರ್ಷ ಮಾತ್ರ ಇದು ಸಿಗುತ್ತದೆ.

ನೀರು ನುಗ್ಗಿದ ಕಾರಿನದು ಇನ್ನೊಂದು ಕಥೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಯಮಲೂರು ಕಡೆ ಮುಳುಗಿದ ಕಾರುಗಳ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ನೀರು ಡ್ಯಾಶ್‌ಬೋರ್ಡ್ ಮಟ್ಟಕ್ಕೆ ಬಂದರೆ ವೈರಿಂಗ್, ಕಂಟ್ರೋಲ್ ಯೂನಿಟ್‌ಗಳು, ಸೀಟು ಎಲ್ಲ ಸೇರಿ ಸುಲಭವಾಗಿ ಗೆರೆ ದಾಟಬಹುದು. ಆದರೆ ನಿಂತ ನೀರಿನಲ್ಲಿ ಕಾರನ್ನು ಸ್ಟಾರ್ಟ್ ಮಾಡಲು ಹೋಗಿ, ಎಂಜಿನ್ ಒಳಕ್ಕೆ ನೀರೆಳೆದುಕೊಂಡು ಹಾಳಾದರೆ, ಅದು ಪ್ರವಾಹದ ನೇರ ಹಾನಿಯಲ್ಲ ಎಂದು ಕಂಪನಿಗಳು ವಾದಿಸುತ್ತವೆ. ಎಂಜಿನ್ ರಕ್ಷಣೆಯ ಆ್ಯಡ್-ಆನ್ ಇಲ್ಲದಿದ್ದರೆ ಎಂಜಿನ್ನಿನ ಖರ್ಚು ಲೆಕ್ಕದಿಂದಲೇ ಹೊರಬೀಳುತ್ತದೆ. ಆಗ ಆಗುವ ಪೆಟ್ಟು ಎರಡು. ಎಂಜಿನ್ ಹಣವೂ ಸಿಗುವುದಿಲ್ಲ, ಅದು ಲೆಕ್ಕದಲ್ಲಿ ಇಲ್ಲದ್ದರಿಂದ 75% ಗೆರೆಯೂ ದಾಟುವುದಿಲ್ಲ. ನೀರು ಹೊಕ್ಕ ಕಾರಿನ ಕೀ ತಿರುಗಿಸಬೇಡಿ ಎಂದು ಮೆಕ್ಯಾನಿಕ್‌ಗಳು ಹೇಳುವುದಕ್ಕೆ ದುಡ್ಡಿನ ಕಾರಣವೂ ಇದೆ.

ಸಿಟಿಎಲ್ ಆಯಿತು. ಈಗ ಎಷ್ಟು ಸಿಗುತ್ತದೆ?

ತುಮಕೂರಿನ ಕಾರಿಗೆ ವಾಪಸ್ ಬರೋಣ. ಐಡಿವಿ 5,60,000. ಆದರೆ ಪಾಲಿಸಿಯಲ್ಲಿರುವ ಮಾತು ‘ಐಡಿವಿಯಿಂದ ಅವಶೇಷದ ಬೆಲೆ ಕಳೆದು’ ಎಂದು. ಜಜ್ಜಿಹೋದ ಕಾರಿಗೂ ಬೆಲೆ ಇದೆ. ಹಿಂದಿನ ಬಾಗಿಲು, ಎಂಜಿನ್, ಸೀಟು, ಚಕ್ರ ಎಲ್ಲ ಸರಿಯಿರಬಹುದು. ಹೀಗೆ ಉಳಿದದ್ದನ್ನು ಈ ವ್ಯವಹಾರದಲ್ಲಿ ‘ಸಾಲ್ವೇಜ್’ ಎನ್ನುತ್ತಾರೆ. ಇದನ್ನು ಕೊಳ್ಳುವ ವ್ಯಾಪಾರಿಗಳಿದ್ದಾರೆ, ಆನ್‌ಲೈನ್ ಹರಾಜೂ ನಡೆಯುತ್ತದೆ. ಬಂದ ಬೆಲೆಗಳಲ್ಲಿ ಹೆಚ್ಚಿನದನ್ನು ಸಾಲ್ವೇಜ್ ಬೆಲೆ ಎಂದು ಹಿಡಿಯುವುದು ವಾಡಿಕೆ.

ಈ ಕಾರಿಗೆ 1,80,000 ರೂ. ಬಂತು ಎಂದುಕೊಳ್ಳಿ. 5,60,000ದಿಂದ 1,80,000 ಮತ್ತು ಕಡ್ಡಾಯ 1,000 ಕಳೆದರೆ 3,79,000. ಕಂಪನಿ ನಿಮ್ಮ ಖಾತೆಗೆ ಹಾಕುವುದು ಇಷ್ಟು. ಜಜ್ಜಿದ ಕಾರು ನಿಮ್ಮದೇ. ಅದನ್ನು ಆ ವ್ಯಾಪಾರಿಗೆ ಕೊಟ್ಟರೆ 1,80,000 ಬರುತ್ತದೆ. ಎರಡೂ ಸೇರಿ 5,59,000. ನಿಮ್ಮ ನಿಜವಾದ ಪರಿಹಾರ ಅದು. ಬ್ಯಾಂಕ್ ಖಾತೆಗೆ ಬಂದ 3,79,000 ನೋಡಿ “ಕಂಪನಿ ಎರಡು ಲಕ್ಷ ನುಂಗಿತು” ಎಂದು ಬರೆಯುವ ಪೋಸ್ಟ್‌ಗಳು ಈ ಎರಡನೇ ಭಾಗವನ್ನು ಮರೆತಿರುತ್ತವೆ.

ಆದರೆ ಅಪಾಯ ಇರುವುದೂ ಅಲ್ಲೇ. ಕಂಪನಿ 1,80,000 ಕಳೆದುಕೊಂಡಾಯಿತು. ವ್ಯಾಪಾರಿ ಬಂದು ಕಾರು ನೋಡಿ “ಬ್ಯಾಟರಿ ಇಲ್ಲ, ಚಕ್ರ ಬದಲಾಗಿದೆ, 1,40,000 ಕೊಡ್ತೀನಿ ಅಷ್ಟೇ” ಎಂದರೆ 40,000 ರೂ. ನಷ್ಟ ಯಾರದು? ಅದಾಗಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರೆ ನಿಮ್ಮದೇ. ಆದ್ದರಿಂದ ಸಾಲ್ವೇಜ್ ಬೆಲೆಯನ್ನು ಒಪ್ಪುವ ಮೊದಲು ಅದನ್ನು ಯಾರು ಕೂಗಿದ್ದು, ಎಷ್ಟು ದಿನ ಆ ಬೆಲೆಗೆ ಬದ್ಧರು ಎಂಬುದನ್ನು ಬರಹದಲ್ಲಿ ಕೇಳಬೇಕು. “ಆ ಬೆಲೆಗೆ ನೀವೇ ಕೊಳ್ಳುವವರನ್ನು ಕೊಡಿ, ಅವರು ನನಗೆ ಹಣ ಹಾಕಿದ ಮೇಲೆ ಕಾರು ಬಿಡುತ್ತೇನೆ” ಎಂದು ಸರ್ವೇಯರ್‌ಗೆ ಇಮೇಲ್ ಮಾಡುವುದರಲ್ಲಿ ತಪ್ಪೇನಿಲ್ಲ. ಕೊಳ್ಳುವವರೇ ಇಲ್ಲದ ಬೆಲೆಯನ್ನು ಕಾಗದದ ಮೇಲೆ ಬರೆದು ಕಳೆಯುವುದು ನ್ಯಾಯವಲ್ಲ. ಕಾರು ಗ್ಯಾರೇಜಿನಲ್ಲಿ ನಿಂತಿರುವಾಗ ಅದರ ಎಲ್ಲ ಬದಿಯ ಫೋಟೋ, ಬ್ಯಾಟರಿ, ಟೈರ್, ಸ್ಟೀರಿಯೋ ಸಮೇತ ತೆಗೆದಿಟ್ಟುಕೊಳ್ಳುವುದೂ ಇದೇ ಕಾರಣಕ್ಕೆ. ಜೊತೆಗೆ, ತೀರ್ಮಾನ ತಡವಾದಷ್ಟೂ ಕೆಲವು ಗ್ಯಾರೇಜುಗಳು ನಿಲುಗಡೆ ಶುಲ್ಕ ಸೇರಿಸುತ್ತವೆ. ಅದನ್ನು ಯಾರು ಕೊಡಬೇಕು ಎಂದು ಮೊದಲೇ ಕೇಳಿ.

ಕಳುವಾದ ವಾಹನದಲ್ಲಿ ಈ ಕಡಿತವಿಲ್ಲ, ಏಕೆಂದರೆ ಅವಶೇಷವೇ ಇಲ್ಲ. ಐಡಿವಿಯಿಂದ ಕಡ್ಡಾಯ ಮೊತ್ತ ಮಾತ್ರ ಹೋಗುತ್ತದೆ. ಬದಲಿಗೆ ಎಫ್‌ಐಆರ್, ಪೊಲೀಸರ ಅಂತಿಮ ವರದಿ, ವಾಹನದ ಎಲ್ಲ ಕೀಗಳನ್ನು ಕೊಡಬೇಕು.

ಕಂಪನಿಗೆ ಯಾವುದು ಅಗ್ಗ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ರಿಪೇರಿ ಮಾಡಿಸಿದರೆ ಈ ಕಾರಿಗೆ ಕಂಪನಿ 4,42,000 ಕೊಡಬೇಕಿತ್ತು. ಸಿಟಿಎಲ್ ಮಾಡಿದರೆ 3,79,000. ಸಿಟಿಎಲ್ ಕಂಪನಿಗೂ ಲಾಭವೇ. ಅದೇ ಸಾಲ್ವೇಜ್ ಬೆಲೆ ಕಡಿಮೆ ಇರುವ ಕಡೆ ರಿಪೇರಿ ಅಗ್ಗವಾಗಿ, “ಇದು ರಿಪೇರಿ ಆಗುತ್ತದೆ” ಎಂದು ಒತ್ತಾಯ ಬರಬಹುದು. ಮೂರನೆಯ ದಾರಿಯೂ ಇದೆ. ರಿಪೇರಿಯ ಅಂದಾಜು ಹಣವನ್ನೇ ನಗದಾಗಿ ಕೊಟ್ಟು ಕಾರನ್ನು ಇದ್ದಂತೆ ನಿಮಗೆ ಬಿಡುವುದು. ಇದಕ್ಕೆ ‘ಕ್ಯಾಶ್ ಲಾಸ್’ ಎನ್ನುತ್ತಾರೆ. ಯಾವ ದಾರಿ ಎಂಬ ಆಯ್ಕೆಯನ್ನು ಪಾಲಿಸಿ ಬಹುತೇಕ ಕಂಪನಿಗೇ ಕೊಟ್ಟಿದೆ. ಆದರೆ ಲೆಕ್ಕ ಹಾಕಿದ ಮೊತ್ತ 75% ದಾಟಿದ ಮೇಲೆ ಅದನ್ನು ಸಿಟಿಎಲ್ ಎಂದು ಪರಿಗಣಿಸಬೇಕು ಎಂಬುದೂ ಅದೇ ಪಾಲಿಸಿಯ ಮಾತು. ಗೆರೆ ದಾಟಿದ ಕಾರಿಗೆ ಅದಕ್ಕಿಂತ ಕಡಿಮೆ ಕ್ಯಾಶ್ ಲಾಸ್ ಹೇಳಿದರೆ ಸುಮ್ಮನೆ ಒಪ್ಪಬೇಡಿ.

ಐಡಿವಿ ಇಳಿಸಿ ಪ್ರೀಮಿಯಂ ಉಳಿಸುವ ‘ಟ್ರಿಕ್’

ಆನ್‌ಲೈನಿನಲ್ಲಿ ಪಾಲಿಸಿ ಕೊಳ್ಳುವಾಗ ಐಡಿವಿಯನ್ನು ಹಿಂದೆ ಮುಂದೆ ಜಾರಿಸುವ ಪಟ್ಟಿ ಇರುತ್ತದೆ. ಕೆಳಗಿಳಿಸಿದರೆ ಪ್ರೀಮಿಯಂ ಒಂದಿಷ್ಟು ಇಳಿಯುತ್ತದೆ. ಇದನ್ನೇ ಉಳಿತಾಯದ ಉಪಾಯ ಎಂದು ಹಂಚುವವರಿದ್ದಾರೆ. ನಮ್ಮ ಉದಾಹರಣೆಯ ಕಾರಿಗೆ ಐಡಿವಿಯನ್ನು 4,80,000ಕ್ಕೆ ಇಳಿಸಿದ್ದರೆ ಏನಾಗುತ್ತಿತ್ತು? ಗೆರೆ 3,60,000ಕ್ಕೆ ಬರುತ್ತಿತ್ತು. ಮೊದಲ ಲೆಕ್ಕದ 3,92,000ಕ್ಕೇ ಕಾರು ಸಿಟಿಎಲ್ ಆಗುತ್ತಿತ್ತು. ರಿಪೇರಿ ಮಾಡಿಸಿಕೊಂಡು ಓಡಿಸಬಹುದಾಗಿದ್ದ ಕಾರು ಕೈತಪ್ಪಿ, ಸಿಗುವ ಪರಿಹಾರವೂ 80,000 ಕಡಿಮೆ. ಐದು ವರ್ಷ ದಾಟಿದ ಕಾರುಗಳಲ್ಲಿ ಈ ತಪ್ಪು ಹೆಚ್ಚು ನೋವು ಕೊಡುತ್ತದೆ. ಅಲ್ಲಿ ಐಡಿವಿ ಮೊದಲೇ ಚಿಕ್ಕದು, ಬಿಡಿಭಾಗದ ಬೆಲೆ ಮಾತ್ರ ಹೊಸ ಕಾರಿನದೇ. ಹಳೆಯ ಸ್ಕೂಟರ್‌ಗಳದ್ದೂ ಇದೇ ಪಾಡು. 30,000 ಐಡಿವಿಯ ಸ್ಕೂಟರಿಗೆ ಗೆರೆ ಬರೀ 22,500.

ಸಾಲ ಇದ್ದರೆ, ಆರ್‌ಸಿ ಏನಾಗುತ್ತದೆ

ಕಾರಿನ ಮೇಲೆ ಸಾಲವಿದ್ದು ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ, ಪರಿಹಾರದ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಬಾಕಿ 3,40,000 ಇದ್ದರೆ ಕಂಪನಿಯ 3,79,000ದಲ್ಲಿ ಅಷ್ಟು ಬ್ಯಾಂಕಿಗೆ, ಉಳಿದ 39,000 ನಿಮಗೆ. ಬಾಕಿಯೇ ಹೆಚ್ಚಿದ್ದರೆ ಕಾರು ಹೋದ ಮೇಲೂ ಕಂತು ಕಟ್ಟುವುದು ತಪ್ಪುವುದಿಲ್ಲ. ಸಾಲ ತೀರಿದ ಪತ್ರವನ್ನು ಬ್ಯಾಂಕಿನಿಂದ ಪಡೆಯದೆ ಸಾಲ್ವೇಜ್ ಮಾರುವುದೂ ಕಷ್ಟ.

ಆರ್‌ಸಿ ವಿಷಯದಲ್ಲಿ ಜನ ಹಣಕ್ಕಿಂತ ಹೆಚ್ಚು ಎಡವುತ್ತಾರೆ. ಸಾಲ್ವೇಜನ್ನು ಆರ್‌ಸಿ ಸಮೇತ ಕೊಟ್ಟರೆ ಬೆಲೆ ಹೆಚ್ಚು, ಆರ್‌ಸಿ ರದ್ದು ಮಾಡಿಸಿ ಕೊಟ್ಟರೆ ಕಡಿಮೆ. ಆರ್‌ಸಿ ಇದ್ದರೆ ಕಾರನ್ನು ರಿಪೇರಿ ಮಾಡಿ ಮತ್ತೆ ರಸ್ತೆಗಿಳಿಸಬಹುದು, ಅದು ಸರಿಯಾದ ಕಾರಣ. ಆದರೆ ಜಜ್ಜಿದ ಕಾರಿನ ಚಾಸಿ ನಂಬರನ್ನೂ ಆರ್‌ಸಿಯನ್ನೂ ಕದ್ದ ಅಂಥದ್ದೇ ಕಾರಿಗೆ ಅಂಟಿಸುವ ದಂಧೆಯೂ ಇದೆ. ಹಾಗಾದರೆ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ದಾಖಲೆಯಲ್ಲಿ ಹೆಸರಿರುವ ನಿಮ್ಮನ್ನು.

ಆರ್‌ಸಿ ರದ್ದಾದರೆ ನಿಮಗೆ ನಷ್ಟ ಎಂದೇನೂ ಇಲ್ಲ. ರದ್ದು ಮಾಡಿಸಿದರೆ ಸಾಲ್ವೇಜ್ ಬೆಲೆ 90,000ಕ್ಕೆ ಇಳಿಯಿತು ಎಂದುಕೊಳ್ಳಿ. ಆಗ ಕಂಪನಿ ಕಳೆಯಬೇಕಾದದ್ದೂ ಅಷ್ಟೇ, ಕೊಡಬೇಕಾದದ್ದು 4,69,000. ಒಟ್ಟು ಮತ್ತೆ 5,59,000. ಹೆಚ್ಚುವರಿ ಹೊರೆ ಕಂಪನಿಯದು. ಆರ್‌ಸಿ ಸಮೇತದ ಬೆಲೆಯನ್ನು ಕಳೆದು, ನಂತರ ಆರ್‌ಸಿ ರದ್ದು ಮಾಡಿಸಿ ತನ್ನಿ ಎಂದರೆ ಮಾತ್ರ ನಿಮಗೆ ಪೆಟ್ಟು. ಕಳೆದ ಬೆಲೆ ಯಾವ ಲೆಕ್ಕದ್ದು ಎಂದು ಪತ್ರದಲ್ಲಿ ನೋಡಿಕೊಳ್ಳಿ. ವಾಹನ ನಾಶವಾದರೆ ಅಥವಾ ಮುಂದೆಂದೂ ಬಳಸಲಾಗದಂತಾದರೆ 14 ದಿನದೊಳಗೆ ಅಥವಾ ಸಾಧ್ಯವಾದಷ್ಟು ಬೇಗ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತದೆ.

ಆರ್‌ಸಿ ಸಮೇತ ಮಾರುವುದೇ ಆದರೆ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ವ್ಯಾಪಾರಿಯ ಕೈಗಿತ್ತು ಮರೆತುಬಿಡಬೇಡಿ. ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಕಾನೂನಿನ ಕಣ್ಣಿನಲ್ಲಿ ಮಾಲೀಕರು ನೀವೇ. ಆ ಕಾರು ಯಾರಿಗಾದರೂ ಗುದ್ದಿದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಫಾಸ್ಟ್ಯಾಗ್ ಕಿತ್ತು ಖಾತೆ ಮುಚ್ಚಿಸುವುದನ್ನೂ ಮರೆಯಬೇಡಿ.

ಲೆಕ್ಕ ಒಪ್ಪಿಗೆಯಾಗದಿದ್ದರೆ

ಸರ್ವೇಯರ್ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ನೋಡಬೇಕಾದದ್ದು ನಾಲ್ಕೇ ಅಂಕಿ: ಐಡಿವಿ ಪಾಲಿಸಿಯಲ್ಲಿರುವಷ್ಟೇ ಇದೆಯೇ, ರಿಪೇರಿಯ ಲೆಕ್ಕದಲ್ಲಿ ಸವಕಳಿ ಸರಿಯಾದ ವಯಸ್ಸಿಗೆ ಹಾಕಿದ್ದಾರೆಯೇ, ಸಾಲ್ವೇಜ್ ಬೆಲೆ ಯಾರದು, ಕಡ್ಡಾಯ ಮೊತ್ತಕ್ಕಿಂತ ಹೆಚ್ಚೇನಾದರೂ ಕಳೆದಿದ್ದಾರೆಯೇ. ಪಾಲಿಸಿ ಕೊಳ್ಳುವಾಗ ರಿಯಾಯಿತಿಗಾಗಿ ಸ್ವಇಚ್ಛೆಯ ಕಡಿತ ಒಪ್ಪಿದ್ದರೆ ಅದೂ ಇಲ್ಲಿ ಸೇರುತ್ತದೆ. ‘ಪೂರ್ಣ ಮತ್ತು ಅಂತಿಮ’ ಎಂದು ಬರೆದ ರಸೀತಿಗೆ ಸಹಿ ಹಾಕುವ ಮೊದಲೇ ತಕರಾರನ್ನು ಇಮೇಲಿನಲ್ಲಿ ಬರೆಯಿರಿ. ಸಹಿ ಹಾಕಿದ ಮೇಲೆ ವಾದಿಸುವುದು ಬಹಳ ಕಷ್ಟ.

ಕಂಪನಿಯ ದೂರು ವಿಭಾಗಕ್ಕೆ ಬರೆದು 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಇದರ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, 50 ಲಕ್ಷ ರೂ.ವರೆಗಿನ ತಕರಾರುಗಳನ್ನು ಕೇಳುತ್ತಾರೆ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು. ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗದ ದಾರಿಯೂ ಇದೆ, ಆದರೆ ಒಂದೇ ತಕರಾರನ್ನು ಎರಡೂ ಕಡೆ ಒಟ್ಟಿಗೆ ನಡೆಸುವಂತಿಲ್ಲ. ಎಲ್ಲಿಗೆ ಹೋದರೂ ಜೊತೆಗಿರಬೇಕಾದದ್ದು ಪಾಲಿಸಿಯ ಮೊದಲ ಪುಟ, ಗ್ಯಾರೇಜಿನ ಎರಡೂ ಎಸ್ಟಿಮೇಟ್, ಸರ್ವೇಯರ್ ವರದಿ ಮತ್ತು ಸಾಲ್ವೇಜ್ ಬೆಲೆ ಕೂಗಿದವರ ಪತ್ರ.